ಬಾಗಿಲ ಬಳಿಯ ಮೊದಲ ನಾಲ್ಕು ಮಾತು

ಅತನೂರಿನಲ್ಲಿ ರಕ್ತದಾನ ಶಿಬಿರ ಎಂದ ಕೂಡಲೇ ನಮ್ಮ ಪಿಯುಸಿ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: "ಸರ್, ನಮಗ ಹದಿನೆಂಟು ತುಂಬಿಲ್ಲ. ರಕ್ತ ಕೊಡಾಕ ಬರಂಗಿಲ್ಲ. ಮತ್ತ ನಾವು ಬಂದು ಏನ್ ಮಾಡೂದು?" ಕುರ್ಚಿ ಹಾಕುವುದು, ಬ್ಯಾನರ್ ಕಟ್ಟುವುದು, ಬಿಸ್ಕತ್ತು ಹಂಚುವುದು, ಇಷ್ಟೇ ತಮ್ಮ ಪಾಲಿಗೆ ಉಳಿದದ್ದು ಎಂದು ಅವರು ತಿಳಿದಿರುತ್ತಾರೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವ ಕೆಲಸಕ್ಕೂ ಪಾಠ ಬೇಕು ಎಂಬುದು ಗೊತ್ತಾದದ್ದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದಿನ ಮಾತು. ಶಿಬಿರದ ಬಾಗಿಲಲ್ಲಿ ನಾನೇ ನಿಂತಿದ್ದೆ. ಮೂವತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಒಬ್ಬರು ಒಳಗೆ ಬಂದರು. ಮುಖದಲ್ಲಿ ಸ್ವಲ್ಪ ಅಳುಕು ಕಂಡಿತು. ನಾನು ಅವರ ಬೆನ್ನು ತಟ್ಟಿ ನಗುತ್ತ, "ಹೆದರಬ್ಯಾಡ್ರಿ, ಏನೂ ಆಗಂಗಿಲ್ಲ. ಇರುವಿ ಕಚ್ಚಿದಂಗ ಅಷ್ಟೇ" ಎಂದೆ. ಅವರು ತಲೆಯಾಡಿಸಿ ಸಾಲಿನಲ್ಲಿ ನಿಂತರು. ಹತ್ತು ನಿಮಿಷ ಆಗಿರಲಿಲ್ಲ, ಧಪ್ಪೆಂದು ಸದ್ದಾಯಿತು. ಅವರು ಸಾಲಿನಲ್ಲೇ ಬಿದ್ದಿದ್ದರು. ಇನ್ನೂ ಸೂಜಿ ಮುಟ್ಟಿರಲಿಲ್ಲ, ಒಂದು ಹನಿ ರಕ್ತವೂ ಹೋಗಿರಲಿಲ್ಲ. ಅವರ ಹಿಂದೆ ನಿಂತಿದ್ದ ಮೂವರು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಎಚ್ಚರವಾದ ಮೇಲೆ ಅವರ ಪಕ್ಕದಲ್ಲಿ ಕೂತು ಮಾತಾಡಿಸಿದೆ. "ನಾ ಬರೂ ಮುಂದ ಇಷ್ಟು ಅಂಜಿದ್ದಿಲ್ರಿ ಸರ್. ನೀವು ಕಚ್ಚತದ ಅಂದ್ರಲ್ಲ, ಆಗಿಂದ ಕಣ್ಣು ಆ ಸೂಜಿ ಮ್ಯಾಲೇ ಇತ್ತು" ಎಂದರು. ಜೀವಶಾಸ್ತ್ರ ಪಾಠ ಮಾಡುವ ನನಗೆ ಆ ಮಾತು ಬಹಳ ದಿನ ತಲೆಯಲ್ಲಿ ಕೊರೆಯಿತು. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಕ್ತ ಹೋಗದೆ ಮನುಷ್ಯ ಏಕೆ ಬೀಳುತ್ತಾನೆ?

ದೊಡ್ಡವರ ಮೈಯಲ್ಲಿ ಸುಮಾರು ನಾಲ್ಕೂವರೆಯಿಂದ ಐದು ಲೀಟರ್ ರಕ್ತ ಇರುತ್ತದೆ. ಶಿಬಿರದಲ್ಲಿ ತೆಗೆಯುವುದು 350 ಮಿಲಿ. ತೂಕ 55 ಕಿಲೋಗಿಂತ ಹೆಚ್ಚಿದ್ದವರಿಂದ 450 ಮಿಲಿ ತೆಗೆಯಬಹುದು. ಆರೋಗ್ಯವಂತರಾದ ಹೆಚ್ಚಿನವರ ದೇಹ ಇಷ್ಟನ್ನು ತಾಳಿಕೊಳ್ಳುತ್ತದೆ. ಹಾಗಾದರೆ ಶಿಬಿರದಲ್ಲಿ ಕಣ್ಣು ಕತ್ತಲೆ ಬರುವುದು ಬರೀ ರಕ್ತ ಕಡಿಮೆಯಾದದ್ದರಿಂದ ಅಲ್ಲ. ಭಯಕ್ಕೂ ಅದರಲ್ಲಿ ದೊಡ್ಡ ಪಾಲಿದೆ.

ಅಂಜಿಕೆಯಾದಾಗ ಮೊದಲು ಎದೆ ಬಡಿತ ಹೆಚ್ಚುತ್ತದೆ, ಅಂಗೈ ಬೆವರುತ್ತದೆ. ಇದು ನಮಗೆಲ್ಲ ಗೊತ್ತಿರುವುದೇ. ಆದರೆ ಕೆಲವರಲ್ಲಿ, ಅದರಲ್ಲೂ ಸೂಜಿ ಮತ್ತು ರಕ್ತದ ವಿಷಯದಲ್ಲಿ, ಇದು ಒಮ್ಮೆಲೇ ತಿರುಗಿಬಿಡುತ್ತದೆ. ಮೆದುಳಿನಿಂದ ಎದೆ ಮತ್ತು ಹೊಟ್ಟೆಯವರೆಗೆ ಹೋಗುವ ವೇಗಸ್ ಎಂಬ ನರವು ಹೃದಯಕ್ಕೆ ನಿಧಾನವಾಗು ಎಂದು ಸೂಚನೆ ಕೊಡುತ್ತದೆ. ಅದೇ ಹೊತ್ತಿಗೆ ಕಾಲಿನ ರಕ್ತನಾಳಗಳು ಸಡಿಲಾಗಿ ರಕ್ತ ಕೆಳಗೆ ನಿಲ್ಲುತ್ತದೆ. ರಕ್ತದೊತ್ತಡ ಇಳಿಯುತ್ತದೆ, ಮೆದುಳಿಗೆ ಸಾಕಷ್ಟು ರಕ್ತ ಹೋಗುವುದಿಲ್ಲ, ಮನುಷ್ಯ ಬೀಳುತ್ತಾನೆ. ಇದನ್ನು ವೇಸೋವೇಗಲ್ ಪ್ರತಿಕ್ರಿಯೆ ಎನ್ನುತ್ತಾರೆ. ಬಿದ್ದು ಮಲಗಿದೊಡನೆ ರಕ್ತ ತಲೆಯ ಕಡೆ ಹರಿಯುವುದರಿಂದ ಹೆಚ್ಚಿನವರಿಗೆ ಸ್ವಲ್ಪ ಹೊತ್ತಿನಲ್ಲೇ ಎಚ್ಚರವಾಗುತ್ತದೆ. ನಿಜವಾದ ಅಪಾಯ ಬೀಳುವಾಗ ತಲೆಗೆ ಬೀಳುವ ಪೆಟ್ಟು.

ಇದು ಹೆಚ್ಚಾಗಿ ಕಾಣುವುದು ಮೊದಲ ಸಲ ಕೊಡುವವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ, ತೂಕ ಕಡಿಮೆ ಇರುವವರಲ್ಲಿ, ಅಂಜಿಕೊಂಡು ಬಂದವರಲ್ಲಿ. ಮೊದಲ ಮೂರನ್ನು ಸ್ವಯಂಸೇವಕ ಬದಲಿಸಲಾರ. ನಾಲ್ಕನೆಯದು ಅವನ ಕೈಯಲ್ಲಿ ಸ್ವಲ್ಪ ಇದೆ.

ಯಾರು ಅಂಜಿದ್ದಾರೆ ಎಂದು ತಿಳಿಯುವುದು ಹೇಗೆ? "ನನಗ ಅಂಜಿಕಿ ಆಗ್ತದ" ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಹರಟುತ್ತ ಬಂದವರು ಒಮ್ಮೆಲೇ ಸುಮ್ಮನಾಗುತ್ತಾರೆ. ಮತ್ತೆ ಮತ್ತೆ ಉಗುಳು ನುಂಗುತ್ತಾರೆ, ಆಕಳಿಸುತ್ತಾರೆ, ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತಾರೆ. ತುಟಿ ಬಿಳಚಿಕೊಂಡು ಮೇಲ್ದುಟಿಯ ಮೇಲೆ ತಣ್ಣನೆ ಬೆವರು ಕಂಡರೆ ಮಾತಿನ ಸಮಯ ಮುಗಿಯಿತು ಎಂದೇ ಅರ್ಥ; ಕೂಡಲೇ ಮಲಗಿಸಬೇಕು.

"ಇರುವೆ ಕಚ್ಚಿದಂಗೆ" ಎಂಬ ಮಾತಿನ ದೋಷ

ನಾನು ಆಡಿದ ಮಾತು ನಮ್ಮೂರಲ್ಲಿ ಎಲ್ಲರೂ ಆಡುವುದೇ. ಮಗುವಿಗೆ ಲಸಿಕೆ ಹಾಕಿಸುವಾಗಿನಿಂದ ಕೇಳಿಕೊಂಡು ಬಂದದ್ದು. ಒಳ್ಳೆಯ ಮನಸ್ಸಿನಿಂದಲೇ ಆಡುತ್ತೇವೆ. ಆದರೆ ಅದರಿಂದ ನೋವು ಕಡಿಮೆಯಾಗುವ ಬದಲು ಹೆಚ್ಚಾಗಬಹುದು.

ಅಮೆರಿಕದ ಬಾಸ್ಟನ್ ನಗರದ ವೈದ್ಯರು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಹೆರಿಗೆಗೆಂದು ಬಂದು, ಬೆನ್ನಿಗೆ ಮರಗಟ್ಟಿಸುವ ಸೂಜಿ ಹಾಕಿಸಿಕೊಳ್ಳಬೇಕಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಚುಚ್ಚುಮದ್ದು ಒಂದೇ, ಆಡುವ ಮಾತು ಮಾತ್ರ ಬೇರೆ. ಒಂದು ಗುಂಪಿಗೆ, ಈಗ ದೊಡ್ಡ ಜೇನುಹುಳ ಕಚ್ಚಿದ ಹಾಗಾಗುತ್ತದೆ, ಇದೇ ಬಹಳ ಕಷ್ಟದ ಭಾಗ ಎಂಬ ಅರ್ಥದಲ್ಲಿ ಹೇಳಿದರು. ಇನ್ನೊಂದು ಗುಂಪಿಗೆ, ಈ ಜಾಗ ಮರಗಟ್ಟಲು ಔಷಧ ಕೊಡುತ್ತೇವೆ, ಮುಂದೆ ನಿಮಗೆ ಆರಾಮವಾಗಿರುತ್ತದೆ ಎಂಬ ಅರ್ಥದಲ್ಲಿ ಹೇಳಿದರು. ಆಮೇಲೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿದಾಗ, ಜೇನುಹುಳದ ಮಾತು ಕೇಳಿದವರ ಮಧ್ಯಾಂಕ 5, ಉಳಿದವರದು 3.

ಜೇನುಹುಳವಾಗಲಿ ಇರುವೆಯಾಗಲಿ, ಕಚ್ಚುವ ಒಂದು ಚಿತ್ರವನ್ನು ನಾವೇ ಅವರ ಮನಸ್ಸಿನಲ್ಲಿ ಕೂರಿಸಿಬಿಡುತ್ತೇವೆ. "ಹೆದರಬೇಡಿ" ಎಂಬುದೂ ಹಾಗೆಯೇ. ಆ ಮಾತು ಕೇಳಿದವರ ಕಿವಿಗೆ ಬೀಳುವುದು "ಇಲ್ಲಿ ಹೆದರುವಂಥದ್ದೇನೋ ಇದೆ" ಎಂಬುದು. ಇನ್ನು "ಗಂಡಸಾಗಿ ಅಂಜತೀರೇನ್ರಿ?" ಎಂಬುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಅದು ಭಯ ತೆಗೆಯುವುದಿಲ್ಲ, ಭಯವನ್ನು ಮುಚ್ಚಿಡುವಂತೆ ಮಾಡುತ್ತದೆ. ಭಯ ಮುಚ್ಚಿಟ್ಟವರು ತಲೆ ಸುತ್ತು ಬಂದರೂ ಹೇಳುವುದಿಲ್ಲ, ನಿಂತಲ್ಲೇ ಬೀಳುತ್ತಾರೆ.

ಹಾಗೆಂದು ಸುಳ್ಳು ಹೇಳಬಾರದು. ರಕ್ತ ತೆಗೆಯುವ ಸೂಜಿ ಸಾಮಾನ್ಯ ಇಂಜೆಕ್ಷನ್ ಸೂಜಿಗಿಂತ ದಪ್ಪ. "ಏನೂ ಗೊತ್ತೇ ಆಗಂಗಿಲ್ಲ" ಎಂದು ಹೇಳಿ ಕಳಿಸಿದರೆ, ಹಾಸಿಗೆಯ ಮೇಲೆ ಅವರಿಗೆ ನಮ್ಮ ಸುಳ್ಳು ಗೊತ್ತಾಗುತ್ತದೆ. ಮುಂದಿನ ಶಿಬಿರಕ್ಕೆ ಅವರು ಬರುವುದಿಲ್ಲ. ನೋವಿನ ಮಾತನ್ನು ನಾವಾಗಿ ಎತ್ತಬಾರದು, ಅವರು ಕೇಳಿದರೆ ನಿಜ ಹೇಳಬೇಕು: "ಸೂಜಿ ಹೋಗೂ ಮುಂದ ಒಂದು ಕ್ಷಣ ಗೊತ್ತಾಗ್ತದರಿ. ಆಮ್ಯಾಲ ಭಾಳ ಮಂದಿಗೆ ಅಷ್ಟು ತಿಳಿಯಂಗಿಲ್ಲ. ಐದ್ಹತ್ತು ನಿಮಿಷದಾಗ ಮುಗೀತದ."

ನಾಲ್ಕು ಮಾತು

ಬಾಗಿಲಲ್ಲಿ ಏನು ಹೇಳಬೇಕು? ನಾವು ಈಗ ಅಭ್ಯಾಸ ಮಾಡಿಸುವುದು ನಾಲ್ಕೇ ಮಾತು.

ಮೊದಲನೆಯದು ಕರೆಯುವ ಮಾತು. ಅಸ್ಸಲಾಮು ಅಲೈಕುಂ ಅಥವಾ ನಮಸ್ಕಾರ, ಬಂದವರಿಗೆ ತಕ್ಕಂತೆ. ಆಮೇಲೆ ಕಾಕಾ, ಅಣ್ಣಾ, ಚಾಚಾ, ಅಕ್ಕಾ, ಖಾಲಾ ಎಂದು ಊರಲ್ಲಿ ಹೇಗೆ ಕರೆಯುತ್ತೀರೋ ಹಾಗೆ. "ನೆಕ್ಸ್ಟ್" ಎಂದು ಕೂಗಿದರೆ ಅವರು ದವಾಖಾನೆಯ ರೋಗಿಯಾಗಿಬಿಡುತ್ತಾರೆ. ಕರೆದ ಕೂಡಲೇ "ಕುಂದರ್ರಿ" ಎಂದು ಕುರ್ಚಿ ತೋರಿಸಬೇಕು. ಕೂತವರು ನಿಂತವರಷ್ಟು ಸುಲಭವಾಗಿ ಬೀಳುವುದಿಲ್ಲ. ಮರ್ಯಾದೆಯ ಜೊತೆಗೆ ಇದು ದೇಹಶಾಸ್ತ್ರವೂ ಹೌದು. ಹೆಣ್ಣುಮಕ್ಕಳು ಬಂದರೆ ನಮ್ಮ ವಿದ್ಯಾರ್ಥಿನಿಯರೇ ಮಾತಾಡಿಸಬೇಕು.

ಎರಡನೆಯದು ಮುಂದಿನ ಒಂದೇ ಹೆಜ್ಜೆ. "ಈಗ ಈ ಫಾರ್ಮ್ ತುಂಬೂದು ಅಷ್ಟರಿ, ನಾ ನಿಮ್ಮ ಜೋಡಿ ಇರ್ತೀನಿ." ಫಾರ್ಮ್, ತೂಕ, ಬಿ.ಪಿ., ಹಿಮೋಗ್ಲೋಬಿನ್, ಹಾಸಿಗೆ, ಸೂಜಿ ಎಂದು ಪೂರ್ತಿ ಪಟ್ಟಿ ಒಪ್ಪಿಸಿದರೆ ಮನಸ್ಸು ನೇರವಾಗಿ ಕೊನೆಯದಕ್ಕೆ ಹಾರುತ್ತದೆ.

ಮೂರನೆಯದು ಪ್ರಶ್ನೆ. "ಹಿಂದ ಯಾವಾಗರೆ ಕೊಟ್ಟೀರೇನ್ರಿ?" ಇಲ್ಲ ಎಂದರೆ, "ಏನರೆ ಕೇಳೂದು ಅದ ಏನ್ರಿ?" ಎಂದು ಕೇಳಿ ಸುಮ್ಮನಿರಬೇಕು. ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರುವುದು ನಮ್ಮ ಹುಡುಗರಿಗೆ ಎಲ್ಲಕ್ಕಿಂತ ಕಷ್ಟ. ಆದರೆ ನಿಜವಾದ ಮಾತು ಬರುವುದು ಆ ಮೌನದಲ್ಲಿ.

ನಾಲ್ಕನೆಯದು ಕೈಗೆ ಒಂದು ಕೆಲಸ. "ಈ ನೀರು ಕುಡೀರಿ" ಎಂದು ಅರ್ಧ ಲೀಟರಿನಷ್ಟು ನೀರು ಕೊಡಬೇಕು. ರಕ್ತ ಕೊಡುವುದಕ್ಕೆ ಸ್ವಲ್ಪ ಮೊದಲು ಇಷ್ಟು ನೀರು ಕುಡಿದರೆ ರಕ್ತದೊತ್ತಡ ಕೆಲಹೊತ್ತು ತುಸು ಏರಿ, ಬೀಳುವ ಸಂಭವ ಕಡಿಮೆಯಾಗುತ್ತದೆ. ಜೊತೆಗೆ ಒಂದು ಉಪಾಯ ಕಲಿಸಬೇಕು: ತೊಡೆ ಮತ್ತು ಕುಂಡೆಯ ಸ್ನಾಯುಗಳನ್ನು ಐದು ಎಣಿಸುವವರೆಗೆ ಬಿಗಿ ಹಿಡಿದು, ಐದು ಎಣಿಸುವವರೆಗೆ ಬಿಡುವುದು, ಉಸಿರು ಕಟ್ಟದೆ. ಇದರಿಂದ ಕಾಲಲ್ಲಿ ನಿಂತ ರಕ್ತ ಮೇಲಕ್ಕೆ ಬರುತ್ತದೆ. ಅಂಜಿದವರಿಗೆ ತಾನೇ ಮಾಡಬಹುದಾದ ಒಂದು ಕೆಲಸ ಸಿಕ್ಕಿದಂತಾಗುತ್ತದೆ.

ತೊಗರಿ ರಾಶಿಯ ರೈತ

ಈ ನಾಲ್ಕು ಮಾತು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದು ಉದಾಹರಣೆ. ಅದೊಂದು ಚಳಿಗಾಲದ ಶಿಬಿರ. ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿ ಬಾಗಿಲಲ್ಲಿದ್ದ. ನಲವತ್ತು ದಾಟಿದ ರೈತರೊಬ್ಬರು ಹೊಸ್ತಿಲ ಹತ್ತಿರ ಬಂದು ನಿಂತರು, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಹುಡುಗ ಎದ್ದು ಹೋದ.

"ನಮಸ್ಕಾರ್ರಿ ಕಾಕಾ, ಬರ್ರಿ, ಇಲ್ಲಿ ಕುಂದರ್ರಿ."

"ಏ, ಸುಮ್ನ ನೋಡಾಕ ಬಂದೀನಿ ತಮ್ಮಾ."

"ನೋಡ್ರಲ್ಲ, ಅದಕ್ಕೇನ್ರಿ. ನೀರು ಕುಡೀರಿ ಮೊದಲ. ಹಿಂದ ಯಾವಾಗರೆ ಕೊಟ್ಟೀರೇನ್ರಿ?"

"ಇಲ್ಲ."

"ಏನರೆ ಕೇಳೂದು ಅದ ಏನ್ರಿ?"

ಹುಡುಗ ಕಲಿಸಿದಂತೆ ಸುಮ್ಮನೆ ಕೂತ. ರೈತರು ನೀರಿನ ಲೋಟ ತಿರುಗಿಸುತ್ತ ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಸೂಜಿಗೇನು ಅಂಜಂಗಿಲ್ಲ ತಮ್ಮಾ. ನಾಳಿ ತೊಗರಿ ರಾಶಿ ಅದ. ಮೈಯಾಗ ಶಕ್ತಿ ಹೋದ್ರ ಚೀಲ ಯಾರು ಎತ್ತಬೇಕು?"

ಅವನು ಸೂಜಿಯ ಬಗ್ಗೆ ಎಷ್ಟು ಧೈರ್ಯ ಹೇಳಿದ್ದರೂ ಅದು ವ್ಯರ್ಥವಾಗುತ್ತಿತ್ತು. ಅವರ ಭಯ ಬೇರೆಯೇ ಆಗಿತ್ತು. ಹುಡುಗ ತನಗೆ ತಿಳಿದಷ್ಟು ಹೇಳಿದ: ರಕ್ತದ ನೀರಿನ ಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು, ಅದಕ್ಕಾಗಿಯೇ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬೇಕು. ಆದರೆ "ರಾಶಿ ಮಾಡಬಹುದೋ ಇಲ್ಲವೋ ಅದನ್ನ ಡಾಕ್ಟರೇ ಹೇಳಬೇಕ್ರಿ" ಎಂದು ಅವರನ್ನು ರಕ್ತನಿಧಿಯ ವೈದ್ಯರ ಹತ್ತಿರ ಕರೆದುಕೊಂಡು ಹೋದ. ವೈದ್ಯರು ನೇರವಾಗಿ ಹೇಳಿದರು: ಇಪ್ಪತ್ನಾಲ್ಕು ಗಂಟೆ ಭಾರ ಎತ್ತುವುದು, ಎತ್ತರ ಹತ್ತುವುದು, ಯಂತ್ರದ ಬಾಯಿಗೆ ನಿಲ್ಲುವುದು ಬೇಡ, ರಾಶಿ ನಾಡಿದ್ದಿಗೆ ಇಟ್ಟುಕೊಳ್ಳಿ, ಇಲ್ಲವೇ ರಾಶಿ ಮುಗಿಸಿ ಮುಂದಿನ ಶಿಬಿರಕ್ಕೆ ಬನ್ನಿ.

ರೈತರು ಯಾರಿಗೋ ಫೋನ್ ಮಾಡಿದರು. ಯಂತ್ರದವರು ಒಂದು ದಿನ ತಡೆಯಲು ಒಪ್ಪಿದರು. ಬೆರಳು ಚುಚ್ಚಿ ತೆಗೆದ ಹನಿಯನ್ನು ನೀಲಿ ಬಣ್ಣದ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಬಿಟ್ಟಾಗ ಅದು ಕೆಳಗೆ ಮುಳುಗಿತು. ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹನಿ ಮುಳುಗುತ್ತದೆ. ಹಾಸಿಗೆಯಲ್ಲಿ ಅವರು ತೊಡೆ ಬಿಗಿ ಹಿಡಿದು ಬಿಡುತ್ತ ಗಟ್ಟಿಯಾಗಿ ಐದೈದು ಎಣಿಸಿದ್ದು ಶಾಮಿಯಾನಕ್ಕೆಲ್ಲ ಕೇಳುತ್ತಿತ್ತು. ಮುಗಿದ ಮೇಲೆ ಹುಡುಗ ಇನ್ನೊಂದು ಪ್ರಶ್ನೆ ಕೇಳಿದ, ಅದನ್ನು ನಾನು ಕಲಿಸಿರಲಿಲ್ಲ: "ಮನಿಗೆ ಹ್ಯಾಂಗ ಹೋಗ್ತೀರಿ ಕಾಕಾ?" ಅವರು ಟ್ರ್ಯಾಕ್ಟರ್ ತಂದಿದ್ದರು. ಅಂದು ತಮ್ಮನನ್ನು ಕರೆಸಿ ಅವನ ಕೈಗೆ ಸ್ಟೇರಿಂಗ್ ಕೊಟ್ಟು ಹೋದರು. ಆ ಪ್ರಶ್ನೆಯನ್ನು ಅಂದಿನಿಂದ ನಮ್ಮ ಪಾಠಕ್ಕೆ ಸೇರಿಸಿದ್ದೇವೆ, ಏಕೆಂದರೆ ತಲೆ ಸುತ್ತು ಕೆಲವೊಮ್ಮೆ ಹೊರಗೆ ಹೋದ ಮೇಲೂ ಬರುತ್ತದೆ.

ಇನ್ನೊಮ್ಮೆ ಜುಹರ್ ನಮಾಜಿಗೆ ಮೊದಲು ಬಂದ ಒಬ್ಬ ಯುವಕ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ. ಅಂಜಿದ್ದಾನೆ ಎಂದು ನಾವು ತಿಳಿದೆವು. ಕೇಳಿದಾಗ ಅವನ ಚಿಂತೆ ವುಝೂ ಬಗ್ಗೆ. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಪದ್ಧತಿಯಲ್ಲಿ ರಕ್ತ ಹರಿದರೆ ವುಝೂ ಮತ್ತೆ ಮಾಡಬೇಕು. ನಲ್ಲಿ ಎಲ್ಲಿದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ತೋರಿಸಿದ್ದೇ ಸಾಕಾಯಿತು.

ಸಮಾಧಾನದ ಮಿತಿ

ನಮ್ಮ ಕೆಲಸ ಅಂಜಿಕೆ ತಿಳಿ ಮಾಡುವುದು, ಒಪ್ಪಿಸುವುದಲ್ಲ. ಈ ಗೆರೆ ದಾಟಿದರೆ ಒಂದು ದೊಡ್ಡ ಅಪಾಯವಿದೆ. ಪ್ರೀತಿಯಿಂದ ಮಾತಾಡಿಸಿದ ಹುಡುಗನಿಗೆ ನಿರಾಸೆ ಮಾಡಬಾರದು ಎಂದು ಬಂದವರು ಫಾರ್ಮಿನಲ್ಲಿ ಹಿಂದೆ ಆಗಿದ್ದ ಕಾಮಾಲೆಯನ್ನೋ, ತೆಗೆದುಕೊಳ್ಳುತ್ತಿರುವ ಔಷಧವನ್ನೋ ಮುಚ್ಚಿಡಬಹುದು. ಆ ರಕ್ತ ಇನ್ನೊಬ್ಬರ ಮೈಗೆ ಹೋಗುತ್ತದೆ. ಆದ್ದರಿಂದ ಫಾರ್ಮಿನ ಆರೋಗ್ಯದ ಪ್ರಶ್ನೆ ಬಂದಾಗ ನಾವು ಎದ್ದು ದೂರ ಹೋಗಬೇಕು, ಉತ್ತರ ಹೇಳಿಕೊಡಬಾರದು, ಇಣುಕಿ ನೋಡಬಾರದು. ಓದಲು ಬರದವರಿಗೆ ರಕ್ತನಿಧಿಯ ಸಿಬ್ಬಂದಿಯೇ ಓದಿ ಹೇಳಲಿ. "ಬ್ಯಾಡ ಅನ್ನಿಸಿದ್ರ ಯಾವಾಗ ಬೇಕಾದ್ರೂ ಎದ್ದು ಹೋಗಬಹುದರಿ" ಎಂಬ ಮಾತನ್ನು ಎಲ್ಲರಿಗೂ ಹೇಳಬೇಕು. ಎದ್ದು ಹೋಗಲು ದಾರಿ ಇದೆ ಎಂದು ತಿಳಿದವರೇ ಹೆಚ್ಚಾಗಿ ಸಮಾಧಾನದಿಂದ ಕೂರುತ್ತಾರೆ.

ವಾಪಸು ಕಳಿಸುವ ಮಾತಿಗೂ ಅಷ್ಟೇ ಜಾಗ್ರತೆ ಬೇಕು. ಹದಿನೆಂಟು ತುಂಬದವರು, 45 ಕಿಲೋಗಿಂತ ಕಡಿಮೆ ತೂಕದವರು, ಹಿಮೋಗ್ಲೋಬಿನ್ ಸಾಲದವರು ಕೊಡುವಂತಿಲ್ಲ. ಬರಿಹೊಟ್ಟೆಯಲ್ಲಿ ಬಂದವರು ಊಟ ಮಾಡಿ ಬರಬೇಕು. ನಫಿಲ್ ರೋಜಾ ಇಟ್ಟು ಬಂದವರನ್ನು ಇನ್ನೊಂದು ದಿನಕ್ಕೆ ಬರಲು ಹೇಳಬೇಕು. ನೀಲಿ ದ್ರಾವಣದಲ್ಲಿ ಹನಿ ತೇಲಿದ ಒಬ್ಬ ತಾಯಿಗೆ ನಮ್ಮವರೊಬ್ಬರು "ನಿಮ್ಮಲ್ಲೇ ರಕ್ತ ಇಲ್ರಿ" ಎಂದುಬಿಟ್ಟಿದ್ದರು. ಆಕೆ ಮುಖ ಸಣ್ಣದು ಮಾಡಿಕೊಂಡು ಹೋದರು. ಈಗ ನಮ್ಮ ವಿದ್ಯಾರ್ಥಿನಿಯರು ಹೇಳುವುದು: "ಇವತ್ತು ನಿಮ್ಮ ರಕ್ತ ನಿಮಗೇ ಬೇಕಾಗ್ಯಾದರಿ ಅಕ್ಕಾ. ಈ ಚೀಟಿ ಡಾಕ್ಟರಿಗೆ ತೋರಿಸ್ರಿ." ಆ ಚೀಟಿಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದು ಬರೆದಿರುತ್ತದೆ, ರಕ್ತ ಕೊಡಲು ಬಂದ ಆಕೆಗೆ ತನ್ನ ರಕ್ತಹೀನತೆ ಗೊತ್ತಾದದ್ದೇ ಅಂದು.

ಮಾತು ಸೋತು ಯಾರಾದರೂ ಬಿಳಚಿಕೊಂಡರೆ ಅಲ್ಲೇ ಅಂಗಾತ ಮಲಗಿಸಿ, ಕಾಲು ಎತ್ತಿ ಹಿಡಿದು, ನರ್ಸನ್ನು ಕರೆಯಿರಿ. ಎಬ್ಬಿಸಿ ನಿಲ್ಲಿಸಬೇಡಿ, ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಸುತ್ತ ಗುಂಪು ಕಟ್ಟಬೇಡಿ. ಒಬ್ಬರು ಬಿದ್ದದ್ದನ್ನು ನೋಡಿ ಇನ್ನೊಬ್ಬರು ಬೀಳುವುದು ನಿಜ. ಅದಕ್ಕೇ ಸಾಲಿನಿಂದ ಹಾಸಿಗೆಗಳು ಕಾಣದಂತೆ ನಡುವೆ ಒಂದು ಪರದೆ ಕಟ್ಟುತ್ತೇವೆ.

ಅಭ್ಯಾಸ

ಮುಂದಿನ ಶಿಬಿರಕ್ಕೆ ಹೆಸರು ಕೊಡುವವರು ಇಬ್ಬಿಬ್ಬರಾಗಿ ಇದನ್ನು ಮಾಡಿ ನೋಡಿ. ಒಬ್ಬರು ದಾನಿಯಾಗಿ, ಮನಸ್ಸಿನಲ್ಲಿ ಒಂದು ಭಯ ಇಟ್ಟುಕೊಂಡು ಬನ್ನಿ. ಅದು ಸೂಜಿಯದಾಗಿರಬಹುದು, ನಾಳಿನ ಕೆಲಸದ್ದಾಗಿರಬಹುದು, ಅಥವಾ ಮನೆಯಲ್ಲಿ ಹೇಳದೆ ಬಂದದ್ದಾಗಿರಬಹುದು. ಇನ್ನೊಬ್ಬರು "ಹೆದರಬೇಡಿ", "ನೋವು", "ಇರುವೆ" ಈ ಮೂರು ಪದ ಬಳಸದೆ, ಮೂರು ನಿಮಿಷದಲ್ಲಿ ಆ ಭಯ ಯಾವುದೆಂದು ಕಂಡುಹಿಡಿಯಬೇಕು. ಮುಗಿದ ಮೇಲೆ ಯಾರು ಹೆಚ್ಚು ಮಾತಾಡಿದಿರಿ ಎಂದು ನೋಡಿಕೊಳ್ಳಿ. ಸ್ವಯಂಸೇವಕನೇ ಹೆಚ್ಚು ಮಾತಾಡಿದ್ದರೆ ಮತ್ತೊಮ್ಮೆ ಮಾಡಿ.

ಅಂದು ಸಾಲಿನಲ್ಲಿ ಬಿದ್ದವರು ಮತ್ತೊಂದು ಶಿಬಿರಕ್ಕೆ ಬಂದರು. ಒಳಗೆ ಹೋಗಲಿಲ್ಲ. ಬಾಗಿಲಲ್ಲಿ ನಮ್ಮ ಹುಡುಗರ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತು, ಅಳುಕುತ್ತ ಬಂದವರಿಗೆ "ನನಗೂ ಹಿಂಗ ಆಗಿತ್ರಿ, ಕುಂದರ್ರಿ, ನೀರು ಕುಡೀರಿ" ಎನ್ನುತ್ತಿದ್ದರು. ನಾನು ಆ ದಿನ ಬಾಗಿಲಿನ ಕೆಲಸ ಅವರಿಗೇ ಬಿಟ್ಟು, ಬಿಸ್ಕತ್ತು ಹಂಚಲು ಹೋದೆ.